£80 ಅಂತ ತೋರಿಸಿದ್ದು £84.46 ಆಗಿದ್ದು ಹೇಗೆ? ಕಾರ್ಡ್ ಶುಲ್ಕದ ಸೂಚನೆಯನ್ನು ಬಿಚ್ಚಿ ಬರೆಯೋಣ

ಪ್ರಶ್ನೆ: ನಾವು ಇಳಕಲ್ ಸೀರೆಗಳನ್ನು ಸ್ವಂತ ವೆಬ್‌ಸೈಟಿನಲ್ಲಿ ಮಾರುತ್ತೇವೆ. ಕೆಳಗಡೆ ಹೀಗೊಂದು ಸೂಚನೆ ಹಾಕಿದ್ದೇವೆ: "ಕಾರ್ಡ್ ಪಾವತಿಗೆ 2.5% ಹೆಚ್ಚುವರಿ ಶುಲ್ಕ ಅನ್ವಯವಾಗಬಹುದು. ವಿದೇಶಿ ಕರೆನ್ಸಿಯ ಬೆಲೆ ಅಂದಾಜು ಮಾತ್ರ. ಬ್ಯಾಂಕ್ ಶುಲ್ಕಗಳಿಗೆ ನಾವು ಹೊಣೆಯಲ್ಲ." ಲಂಡನ್ನಿನ ಒಬ್ಬರು ₹9,200ರ ಆರ್ಡರ್ ಮಾಡಿದರು. ಸೈಟಿನಲ್ಲಿ £80 ಅಂತ ಕಾಣಿಸಿತ್ತು, ಅವರ ಖಾತೆಯಿಂದ ಹೋಗಿದ್ದು £84.46. ಮೋಸ ಅಂತ ಬೈದು ಮೇಲ್ ಹಾಕಿದ್ದಾರೆ. ಸೂಚನೆ ಅಲ್ಲೇ ಇತ್ತಲ್ಲ ಸರ್, ನಮ್ಮ ತಪ್ಪೇನು? ಇದನ್ನು ಪಾರದರ್ಶಕವಾಗಿ ಹೇಗೆ ಬರೆಯಬೇಕು?

ಉತ್ತರ:

ಮೊದಲು ಆ £4.46 ಎಲ್ಲಿಗೆ ಹೋಯಿತು ಅಂತ ನೋಡೋಣ ಮೇಡಂ. ಅದು ಗೊತ್ತಾದರೆ ಸೂಚನೆ ಅರ್ಧ ಬರೆದ ಹಾಗೆ.

₹9,200ಕ್ಕೆ ನಿಮ್ಮ ಸೈಟ್ £80 ತೋರಿಸಿದೆ ಅಂದರೆ ಒಂದು ಪೌಂಡಿಗೆ ₹115 ಹಿಡಿದಿದೆ. ಅದರ ಮೇಲೆ ನೀವು 2.5% ಕಾರ್ಡ್ ಶುಲ್ಕ ಸೇರಿಸಿದಿರಿ, ₹230. ಹಾಗಾಗಿ ಅವರ ಕಾರ್ಡಿಗೆ ಹೋದ ಬಿಲ್ಲು ₹9,430. ವೀಸಾ, ಮಾಸ್ಟರ್‌ಕಾರ್ಡ್ ಥರದ ಕಾರ್ಡ್ ನೆಟ್‌ವರ್ಕ್ ಅದೇ ₹115ರ ದರದಲ್ಲಿ ಅದನ್ನು ಬದಲಿಸಿದರೆ ಸರಿಯಾಗಿ £82 ಆಗುತ್ತದೆ. ಆಮೇಲೆ ಅವರ ಬ್ಯಾಂಕ್ ಪೌಂಡ್ ಅಲ್ಲದ ಕರೆನ್ಸಿಯಲ್ಲಿ ಖರ್ಚು ಮಾಡಿದ್ದಕ್ಕೆ ತನ್ನ ಶುಲ್ಕ ಹಾಕುತ್ತದೆ. ಬ್ರಿಟನ್ನಿನ ಬಹಳಷ್ಟು ಕಾರ್ಡುಗಳಲ್ಲಿ ಇದು 3%ರ ಆಸುಪಾಸು ಇರುತ್ತದೆ. £82ಕ್ಕೆ 3% ಅಂದರೆ £2.46. ಕೂಡಿಸಿ ನೋಡಿ, £84.46 ಬಂತು ಅಲ್ವಾ?

ಅಂದರೆ ನಾಲ್ಕು ಚಿಲ್ಲರೆ ಪೌಂಡಿನಲ್ಲಿ ನಿಮ್ಮ ಕೈಗೆ ಬಂದಿದ್ದು £2, ಅವರ ಬ್ಯಾಂಕಿಗೆ ಹೋಗಿದ್ದು £2.46. ಜಾಸ್ತಿ ತಗೊಂಡಿದ್ದು ಬ್ಯಾಂಕ್, ಬೈಸಿಕೊಂಡಿದ್ದು ನೀವು. ಯಾಕೆಂದರೆ ಲಂಡನ್ನಿನ ಆ ಹೆಣ್ಣುಮಗಳಿಗೆ ಕಂಡಿದ್ದು ಎರಡೇ ಅಂಕಿ: ನಿಮ್ಮ ಪುಟದ £80, ತನ್ನ ಸ್ಟೇಟ್‌ಮೆಂಟಿನ £84.46. ಮಧ್ಯದಲ್ಲಿ ಏನಾಯಿತು ಅಂತ ನಿಮ್ಮ ಸೂಚನೆ ಓದಿ ಯಾರೂ ಲೆಕ್ಕ ಹಾಕಲಾರರು. ಮತ್ತೆ ಬ್ರಿಟನ್ನಿನಲ್ಲಿ 2018ರ ಜನವರಿ 13ರಿಂದ ಅಲ್ಲಿನ ಅಂಗಡಿಗಳು ಗ್ರಾಹಕರ ವೈಯಕ್ತಿಕ ಕಾರ್ಡಿಗೆ ಹೆಚ್ಚುವರಿ ಶುಲ್ಕ ಹಾಕುವ ಹಾಗೇ ಇಲ್ಲ. ಆ ಕಾನೂನು ಇಳಕಲ್ಲಿನ ಅಂಗಡಿಗೆ ನೇರವಾಗಿ ತಾಗುವುದಿಲ್ಲ, ನಿಜ. ಆದರೆ ಅಲ್ಲಿ ಕೂತು ಶಾಪಿಂಗ್ ಮಾಡುವವರಿಗೆ ಕಾರ್ಡ್ ಶುಲ್ಕ ಅನ್ನೋದೇ ವಿಚಿತ್ರವಾಗಿ ಕಾಣುತ್ತದೆ, ಸಿಟ್ಟು ಬರುವುದು ಸಹಜ.

ಈಗ ನಿಮ್ಮ ಸೂಚನೆಯ ಮೂರು ವಾಕ್ಯಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ.

"2.5% ಹೆಚ್ಚುವರಿ ಶುಲ್ಕ ಅನ್ವಯವಾಗಬಹುದು." ಇಲ್ಲಿ "ಬಹುದು" ಯಾಕೆ ಬಂತು? ನಿಮ್ಮ ಸೈಟಿನಲ್ಲಿ ಕಾರ್ಡ್ ಆರಿಸಿದ ಕೂಡಲೇ ಶುಲ್ಕ ಸೇರುತ್ತದೆ, ಪ್ರತಿ ಸಲ ಸೇರುತ್ತದೆ. ಹಾಗಿದ್ದ ಮೇಲೆ ಅದು "ಆಗುತ್ತದೆ", "ಆಗಬಹುದು" ಅಲ್ಲ. ಇದು ಭಾಷೆಯ ಸಣ್ಣ ವಿಷಯ ಅಂತ ಬಿಡಬೇಡಿ. "ಬಹುದು" ಓದಿದವರು ತಮಗೆ ಅದು ಆಗಲಿಕ್ಕಿಲ್ಲ ಅಂದುಕೊಂಡು ಮುಂದೆ ಹೋಗುತ್ತಾರೆ.

ಆದರೆ ಈ ವಾಕ್ಯದ ನಿಜವಾದ ತೊಂದರೆ ಪದದಲ್ಲಿ ಇಲ್ಲ, ಶುಲ್ಕದಲ್ಲೇ ಇದೆ. ಕೆಲವು ಶುಲ್ಕಗಳನ್ನು ಎಷ್ಟೇ ಸ್ಪಷ್ಟವಾಗಿ ಬರೆದರೂ ತೆಗೆದುಕೊಳ್ಳುವ ಹಾಗಿಲ್ಲ. ಡೆಬಿಟ್ ಕಾರ್ಡ್ ಪಾವತಿಗೆ ಅಂಗಡಿಯವರು ಬ್ಯಾಂಕಿಗೆ ಕೊಡುವ ಕಮಿಷನ್ನನ್ನು, ಅಂದರೆ ಎಂಡಿಆರ್ ಅನ್ನು, ಗ್ರಾಹಕರ ಮೇಲೆ ಹಾಕದಂತೆ ನೋಡಿಕೊಳ್ಳಬೇಕು ಅಂತ ರಿಸರ್ವ್ ಬ್ಯಾಂಕ್ 2017ರ ಡಿಸೆಂಬರಿನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಆ ಕಮಿಷನ್ನಿಗೂ ಮಿತಿ ಇದೆ: ವರ್ಷಕ್ಕೆ ₹20 ಲಕ್ಷದವರೆಗೆ ವಹಿವಾಟು ಇರುವ ಸಣ್ಣ ವ್ಯಾಪಾರಿಗೆ 0.40%, ಅದಕ್ಕಿಂತ ದೊಡ್ಡವರಿಗೆ 0.90%. ರೂಪೇ ಡೆಬಿಟ್ ಕಾರ್ಡಿಗೆ ಮತ್ತು ಬ್ಯಾಂಕ್ ಖಾತೆಯಿಂದ ಹೋಗುವ ಯುಪಿಐಗೆ 2020ರ ಜನವರಿ 1ರಿಂದ ಎಂಡಿಆರ್ ಸೊನ್ನೆ. ಈಗ ಯೋಚಿಸಿ: ಹುಬ್ಬಳ್ಳಿಯ ಒಬ್ಬರು ರೂಪೇ ಡೆಬಿಟ್ ಕಾರ್ಡಿನಲ್ಲಿ ಕಟ್ಟಿದಾಗಲೂ ನೀವು 2.5% ಹಾಕುತ್ತಿದ್ದೀರಿ. ಸುಮ್ನೆ "ಕಾರ್ಡ್" ಅಂತ ಬರೆದಿದ್ದೀರಿ, ಸೈಟಿನ ಸೆಟ್ಟಿಂಗೂ ಡೆಬಿಟ್, ಕ್ರೆಡಿಟ್ ಅಂತ ಬೇರೆ ಮಾಡುತ್ತಿಲ್ಲ. ಇದನ್ನು ಇವತ್ತೇ ನಿಲ್ಲಿಸಿ. ಸೂಚನೆ ನಾಳೆ ಬರೆದರೂ ನಡೆಯುತ್ತದೆ.

ಕ್ರೆಡಿಟ್ ಕಾರ್ಡಿನ ಕಮಿಷನ್ನಿಗೆ ರಿಸರ್ವ್ ಬ್ಯಾಂಕಿನ ಆ ಥರದ ಮಿತಿ ಇಲ್ಲ. ಆದರೆ ನಿಮ್ಮ ಪೇಮೆಂಟ್ ಗೇಟ್‌ವೇ ಜೊತೆಗಿನ ಒಪ್ಪಂದವನ್ನು ಒಮ್ಮೆ ತೆಗೆದು ಓದಿ. ಕಾರ್ಡ್ ನೆಟ್‌ವರ್ಕುಗಳ ನಿಯಮ ಪಾಲಿಸಬೇಕು ಅನ್ನೋ ಸಾಲು ಸಾಮಾನ್ಯವಾಗಿ ಇರುತ್ತದೆ, ಗ್ರಾಹಕರಿಂದ ಬೇರೆ ಶುಲ್ಕ ತೆಗೆದುಕೊಳ್ಳಬಾರದು ಅಂತಲೂ ಹಲವು ಒಪ್ಪಂದಗಳಲ್ಲಿ ಇರುತ್ತದೆ. ಸಹಿ ಹಾಕುವಾಗ ಯಾರೂ ಓದಿರುವುದಿಲ್ಲ ಬಿಡಿ.

ಇನ್ನೊಂದು ಮಾತು, 2.5% ಅನ್ನೋ ಅಂಕಿ ಎಲ್ಲಿಂದ ಬಂತು? ನನ್ನ ಊಹೆ ಹೇಳುತ್ತೇನೆ. ಗೇಟ್‌ವೇ 2% ಅಂತ ಹೇಳಿರುತ್ತಾರೆ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 2.36%, ಅದನ್ನೇ ಪೂರ್ತಿ ಮಾಡಿ 2.5% ಇಟ್ಟಿರುತ್ತೀರಿ. ನನ್ನ ಹತ್ತಿರ ಬರುವ ಸಣ್ಣ ಅಂಗಡಿಗಳಲ್ಲಿ ಅರ್ಧಕ್ಕರ್ಧ ಜನ ಮಾಡುವುದು ಇದನ್ನೇ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿ ಇನ್‌ಪುಟ್ ಕ್ರೆಡಿಟ್ ತಗೊಳ್ಳುತ್ತಿದ್ದರೆ ಆ 0.36% ನಿಮಗೆ ಹೇಗೂ ವಾಪಸ್ ಬರುತ್ತದೆ, ಅದು ಖರ್ಚೇ ಅಲ್ಲ. ಅಂದರೆ ನಿಜವಾದ ಖರ್ಚು 2%, ಉಳಿದ ಅರ್ಧ ಪರ್ಸೆಂಟ್ ನಿಮ್ಮ ಲಾಭ. ಲಾಭ ಮಾಡಬಾರದು ಅಂತಲ್ಲ. ಅದನ್ನು ಕಾರ್ಡ್ ಶುಲ್ಕ ಅಂತ ಕರೆಯಬಾರದು. ಜೊತೆಗೆ ದೇಶದೊಳಗಿನ ಬಿಲ್ಲಿನಲ್ಲಿ ಹೀಗೆ ಪ್ರತ್ಯೇಕವಾಗಿ ತೆಗೆದುಕೊಂಡ ಶುಲ್ಕವೂ ಮಾರಾಟದ ಮೌಲ್ಯಕ್ಕೆ ಸೇರುತ್ತದೆ, ಸೀರೆಗೆ ಹಾಕುವ ಜಿಎಸ್‌ಟಿ ಅದಕ್ಕೂ ಹಾಕಬೇಕು. ನಿಮ್ಮ ಇನ್‌ವಾಯ್ಸಿನಲ್ಲಿ ಹಾಗೆ ಬರುತ್ತಿದೆಯಾ ನೋಡಿ.

ನನ್ನ ಸಲಹೆ ನೇರವಾಗಿ ಹೇಳಿಬಿಡುತ್ತೇನೆ: ಕಾರ್ಡ್ ಶುಲ್ಕವನ್ನು ತೆಗೆದುಹಾಕಿ, ಬೆಲೆಯಲ್ಲೇ ಸೇರಿಸಿ. ದೇಶದೊಳಗಿನ ಮಾರಾಟಕ್ಕೆ, ಹಿಂದಿನ ಮೂರು ತಿಂಗಳಲ್ಲಿ ಗೇಟ್‌ವೇ ಕಡಿದುಕೊಂಡ ಒಟ್ಟು ಹಣವನ್ನು ಒಟ್ಟು ಮಾರಾಟದಿಂದ ಭಾಗಿಸಿ ನೋಡಿ. ಯುಪಿಐ ಆರ್ಡರುಗಳೇ ಜಾಸ್ತಿ ಇದ್ದರೆ ಅದು 2%ಕ್ಕಿಂತ ಎಷ್ಟೋ ಕಡಿಮೆ ಬರುತ್ತದೆ. ಅಷ್ಟಕ್ಕಾಗಿ ಬೇರೆ ಶುಲ್ಕ, ಬೇರೆ ಸೂಚನೆ, ಬೇರೆ ಜಗಳ ಯಾಕೆ? ವಿದೇಶದ ಗ್ರಾಹಕರಿಗೆ ಬೇರೆ ಬೆಲೆಪಟ್ಟಿ ಇಟ್ಟು ಆ ₹230ನ್ನು ಸೀರೆಯ ಬೆಲೆಗೇ ಸೇರಿಸಿ, ಮೊದಲ ಪುಟದಿಂದಲೇ ₹9,430 ಅಂತ ತೋರಿಸಿ. ಸಾಗಣೆ ವೆಚ್ಚದೊಳಗೆ ಮಾತ್ರ ತುರುಕಬೇಡಿ, ಅದು ಇನ್ನೊಂದು ಬಗೆಯ ಮುಚ್ಚುಮರೆ.

ಇದಕ್ಕೆ ಕಾನೂನಿನ ಕಾರಣವೂ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕು, ಅದರಲ್ಲಿ ಏನೇನು ಸೇರಿದೆ ಅಂತ ಬಿಡಿಸಿಯೂ ಹೇಳಬೇಕು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ 13 ಬಗೆಯ ವಂಚನೆಗಳ ಪಟ್ಟಿ ಇದೆ, ಅದರಲ್ಲಿ ಒಂದು ಡ್ರಿಪ್ ಪ್ರೈಸಿಂಗ್. ಬೆಲೆಯ ಒಂದು ಭಾಗವನ್ನು ಮೊದಲು ಹೇಳದೆ ಕೊನೆಗೆ ಹನಿ ಹನಿಯಾಗಿ ಬಿಡುವುದು. ಸೀರೆಯ ಪುಟದಲ್ಲಿ ಇಲ್ಲದ 2.5% ಹಣ ಕಟ್ಟುವ ಪುಟದಲ್ಲಿ ಹುಟ್ಟಿಕೊಂಡರೆ ಅದು ಇದೇ. ಸೈಟಿನ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತಲ್ಲ ಅನ್ನೋ ವಾದ ಇಲ್ಲಿ ಹೆಚ್ಚು ದೂರ ಬರುವುದಿಲ್ಲ.

ಎರಡನೇ ವಾಕ್ಯ: "ವಿದೇಶಿ ಕರೆನ್ಸಿಯ ಬೆಲೆ ಅಂದಾಜು ಮಾತ್ರ." ಈ ವಾಕ್ಯ ಸುಳ್ಳಲ್ಲ, ಆದರೆ ಮುಖ್ಯವಾದದ್ದನ್ನು ನುಂಗಿಬಿಟ್ಟಿದೆ. ಗ್ರಾಹಕರಿಗೆ ಬೇಕಾದ ಮೊದಲ ಮಾಹಿತಿ, ಕಾರ್ಡಿಗೆ ಬಿಲ್ಲು ಯಾವ ಕರೆನ್ಸಿಯಲ್ಲಿ ಹೋಗುತ್ತದೆ ಅನ್ನೋದು. ನಿಮ್ಮ ಸೈಟಿನಲ್ಲಿರುವುದು ಬರೀ ಕರೆನ್ಸಿ ಬದಲಿಸಿ ತೋರಿಸುವ ಪ್ಲಗಿನ್ ಅನ್ನಿಸುತ್ತದೆ. ಪೌಂಡ್ ಕಾಣುವುದು ಕಣ್ಣಿಗೆ ಮಾತ್ರ, ಬಿಲ್ಲು ಹೋಗುವುದು ರೂಪಾಯಿಯಲ್ಲಿ. ಖಾತ್ರಿ ಮಾಡಿಕೊಳ್ಳಲು ವಿದೇಶದ ಕಾರ್ಡ್ ಇರುವ ಸ್ನೇಹಿತರಿಂದ ಒಂದು ಚಿಕ್ಕ ಆರ್ಡರ್ ಮಾಡಿಸಿ. ಅವರ ಬ್ಯಾಂಕ್ ಓಟಿಪಿ ಕೇಳುವ ಅಥವಾ ಆ್ಯಪಿನಲ್ಲಿ ಒಪ್ಪಿಗೆ ಕೇಳುವ ಪರದೆಯಲ್ಲಿ ಮೊತ್ತ ಯಾವ ಕರೆನ್ಸಿಯಲ್ಲಿ ಇದೆಯೋ, ಬಿಲ್ಲು ಹೋಗುತ್ತಿರುವುದು ಆ ಕರೆನ್ಸಿಯಲ್ಲಿ. ನಿಮ್ಮ ಪುಟ ಏನು ತೋರಿಸುತ್ತದೆ ಅನ್ನೋದಕ್ಕಿಂತ ಆ ಪರದೆಯನ್ನು ನಂಬಿ.

ಬಿಲ್ಲು ರೂಪಾಯಿಯಲ್ಲಿ ಹೋದರೆ ಅದನ್ನು ಪೌಂಡಿಗೆ ಬದಲಿಸುವವರು ನೀವಲ್ಲ, ಕಾರ್ಡ್ ನೆಟ್‌ವರ್ಕ್ ಮತ್ತು ಅವರ ಬ್ಯಾಂಕ್. ಅದೂ ಆರ್ಡರ್ ಮಾಡಿದ ಕ್ಷಣದಲ್ಲೇ ಮುಗಿಯಬೇಕು ಅಂತಿಲ್ಲ. ಆ ಕ್ಷಣದಲ್ಲಿ ಬ್ಯಾಂಕ್ ಹಣವನ್ನು ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೆ. ಒಂದೆರಡು ದಿನ ಬಿಟ್ಟು ವಹಿವಾಟು ಪಕ್ಕಾ ಆದಾಗ ಮೊತ್ತ ಸ್ವಲ್ಪ ಬದಲಾಗಬಹುದು. ಮೊದಲು ಬಂದ ಮೆಸೇಜಿನಲ್ಲಿ ಒಂದು ಅಂಕಿ, ಸ್ಟೇಟ್‌ಮೆಂಟಿನಲ್ಲಿ ಇನ್ನೊಂದು ಅಂಕಿ ಬರುವುದು ಹೀಗೆ. ಇದು ನಿಮ್ಮ ಕೈಯಲ್ಲಿಲ್ಲ. ಆದರೆ ಹೀಗಾಗುತ್ತದೆ ಅಂತ ಮುಂಚೆ ಹೇಳುವುದು ನಿಮ್ಮ ಕೈಯಲ್ಲಿದೆ.

ಇನ್ನೊಂದು ದಾರಿ, ಪೌಂಡಿನಲ್ಲೇ ಬಿಲ್ಲು ಮಾಡುವುದು. ಹಲವು ಗೇಟ್‌ವೇಗಳಲ್ಲಿ ಈ ಸೌಲಭ್ಯ ಇದೆ: £82 ಅಂತ ಬೆಲೆ ಇಟ್ಟರೆ £82 ಅಂತಲೇ ಕಾರ್ಡಿಗೆ ಹೋಗುತ್ತದೆ, ನಿಮಗೆ ರೂಪಾಯಿಯಲ್ಲಿ ಬರುತ್ತದೆ. ಗ್ರಾಹಕರಿಗೆ ಇದು ಸರಳ. ದರದ ಏರಿಳಿತವನ್ನೂ ಗೇಟ್‌ವೇ ಹಿಡಿಯುವ ಕಮಿಷನ್ನನ್ನೂ ನೀವು ಹೊರಬೇಕು. ಆಗಲೂ "ಬೇರೆ ಯಾವ ಶುಲ್ಕವೂ ಇಲ್ಲ" ಅಂತ ಘಂಟಾಘೋಷವಾಗಿ ಬರೆಯಬೇಡಿ. ಬಿಲ್ಲು ತಮ್ಮ ಕರೆನ್ಸಿಯಲ್ಲೇ ಇದ್ದರೂ ಅಂಗಡಿ ಹೊರದೇಶದ್ದು ಅನ್ನೋ ಕಾರಣಕ್ಕೆ ಶುಲ್ಕ ಹಾಕುವ ಕಾರ್ಡುಗಳು ಇವೆ.

ಇವೆರಡರ ಮಧ್ಯೆ ಮೂರನೆಯದೊಂದು ಇದೆ, ಅದರ ಬಗ್ಗೆ ಎಚ್ಚರ. ಬೆಲೆ ರೂಪಾಯಿಯಲ್ಲಿದ್ದು, ಕಾರ್ಡ್ ನಂಬರ್ ಹಾಕಿದ ಮೇಲೆ "ನಿಮ್ಮ ಕರೆನ್ಸಿಯಲ್ಲಿ ಕಟ್ಟುತ್ತೀರಾ?" ಅಂತ ಕೇಳುವುದು. ಇದಕ್ಕೆ ಡಿಸಿಸಿ ಅನ್ನುತ್ತಾರೆ, ಡೈನಾಮಿಕ್ ಕರೆನ್ಸಿ ಕನ್ವರ್ಷನ್. ಇಲ್ಲಿ ದರದಲ್ಲೇ ಒಂದಿಷ್ಟು ಪರ್ಸೆಂಟ್ ಲಾಭ ಸೇರಿಸಿರುತ್ತಾರೆ, ಅದರಲ್ಲಿ ಅಂಗಡಿಗೂ ಪಾಲು ಬರುವುದುಂಟು. ಕೇಳಲು ಅನುಕೂಲ ಅನ್ನಿಸುತ್ತದೆ, ಆದರೆ ಗ್ರಾಹಕರಿಗೆ ಹೆಚ್ಚಿನ ಸಲ ದುಬಾರಿ. ಗೇಟ್‌ವೇ ಸೇಲ್ಸ್‌ನವರು ಇದನ್ನು "ಹೆಚ್ಚುವರಿ ಆದಾಯ" ಅಂತ ಮಾರುತ್ತಾರೆ. ನೀವು ಇಟ್ಟುಕೊಂಡರೆ ಎರಡೂ ಮೊತ್ತ, ದರ ಮತ್ತು ಸೇರಿಸಿದ ಪರ್ಸೆಂಟ್ ಒಂದೇ ಕಡೆ ಕಾಣಬೇಕು, ಯಾವುದಕ್ಕೂ ಮೊದಲೇ ಟಿಕ್ ಹಾಕಿರಬಾರದು, ಆಯ್ಕೆ ಗ್ರಾಹಕರದ್ದೇ ಆಗಿರಬೇಕು. ಕಾರ್ಡ್ ನೆಟ್‌ವರ್ಕುಗಳ ನಿಯಮವೂ ಗ್ರಾಹಕರೇ ಆರಿಸಬೇಕು ಅಂತಲೇ ಇದೆ. ನಿಮ್ಮಷ್ಟು ದೊಡ್ಡ ಅಂಗಡಿಗೆ ಇದರ ಸಹವಾಸವೇ ಬೇಡ ಅನ್ನುತ್ತೇನೆ ನಾನು.

ಮೂರನೇ ವಾಕ್ಯ: "ಬ್ಯಾಂಕ್ ಶುಲ್ಕಗಳಿಗೆ ನಾವು ಹೊಣೆಯಲ್ಲ." ವಕೀಲರ ನೋಟಿಸಿನ ಹಾಗಿದೆ. ಕೈ ತೊಳೆದುಕೊಂಡದ್ದು ಬಿಟ್ಟರೆ ಇದು ಏನನ್ನೂ ತಿಳಿಸುವುದಿಲ್ಲ. ಯಾವ ಶುಲ್ಕ, ಎಷ್ಟಿರುತ್ತದೆ, ಯಾರಿಗೆ ಹೋಗುತ್ತದೆ? ಅದನ್ನೇ ಹೇಳಿಬಿಟ್ಟರೆ ಹೊಣೆ ಯಾರದ್ದು ಅಂತ ಬೇರೆ ಹೇಳಬೇಕಾಗಿಲ್ಲ. ನಾವು ಇಲ್ಲಿಂದ ಹೊರದೇಶದ ಸೈಟಿನಲ್ಲಿ ಕೊಂಡಾಗಲೂ ಇದೇ ಕಥೆ. ಇಲ್ಲಿನ ಅನೇಕ ಕ್ರೆಡಿಟ್ ಕಾರ್ಡುಗಳಲ್ಲಿ ಫಾರೆಕ್ಸ್ ಮಾರ್ಕಪ್ 3.5%, ಅದರ ಮೇಲೆ 18% ಜಿಎಸ್‌ಟಿ ಸೇರಿ 4.13%. ಹತ್ತು ಸಾವಿರಕ್ಕೆ ₹413. ಒಂದು ಸಲ ನಾನೇ ಒಂದು ಹೊರದೇಶದ ಅಂಗಡಿಯಿಂದ ಪುಸ್ತಕ ತರಿಸಿ, ಲೆಕ್ಕ ಹೊಂದದೆ, ಅವರಿಗೆ ಖಾರವಾಗಿ ಮೇಲ್ ಬರೆದಿದ್ದೆ. ತಗೊಂಡಿದ್ದು ನನ್ನ ಕಾರ್ಡಿನ ಬ್ಯಾಂಕು. ಈ ಕೆಲಸದಲ್ಲೇ ಇರುವ ನನಗೇ ಹಾಗಾದರೆ ನಿಮ್ಮ ಗ್ರಾಹಕರನ್ನು ಏನು ಹೇಳುವುದು?

ಇನ್ನು ನಿಮ್ಮ ಸೂಚನೆಯಲ್ಲಿ ಇಲ್ಲದೇ ಇರುವುದು ಒಂದಿದೆ, ಮುಂದಿನ ಜಗಳ ಬರುವುದು ಅಲ್ಲಿಂದಲೇ: ಹಣ ವಾಪಸ್. ಸೀರೆ ಇಷ್ಟವಾಗಲಿಲ್ಲ, ನೀವು ಪೂರ್ತಿ ₹9,430 ಹಿಂದಿರುಗಿಸಿದಿರಿ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಪೌಂಡ್ ₹118 ಆಗಿದೆ. ಅವರ ಖಾತೆಗೆ ಹೋಗುವುದು £79.92. ಕಟ್ಟಿದ್ದು £84.46. ನೀವು ಒಂದು ಪೈಸೆ ಹಿಡಿದುಕೊಳ್ಳದಿದ್ದರೂ ಅವರಿಗೆ ನಾಲ್ಕೂವರೆ ಪೌಂಡ್ ಕಡಿಮೆ, ಯಾಕೆಂದರೆ ದರ ಬದಲಾಗಿದೆ, ಜೊತೆಗೆ ಬ್ಯಾಂಕಿನ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಪೌಂಡಿನ ಬೆಲೆ ಇಳಿದಿದ್ದರೆ ಜಾಸ್ತಿ ಸಿಗುವುದೂ ಉಂಟು, ಆಗ ಯಾರೂ ಮೇಲ್ ಹಾಕುವುದಿಲ್ಲ! ಇದನ್ನೂ ಸೂಚನೆಯಲ್ಲಿ ಹೇಳಲೇಬೇಕು.

ಹಾಗಾದರೆ ಬರೆಯೋಣ. ನೀವು ಕಾರ್ಡ್ ಶುಲ್ಕ ತೆಗೆದಿದ್ದೀರಿ, ಬಿಲ್ಲು ರೂಪಾಯಿಯಲ್ಲೇ ಮುಂದುವರಿಸಿದ್ದೀರಿ ಅಂತ ಇಟ್ಟುಕೊಂಡು ಬರೆದಿದ್ದೇನೆ. ಅದೇ ಆರ್ಡರಿಗೆ ಗ್ರಾಹಕರಿಗೆ ಕಾಣಬೇಕಾದದ್ದು ಇಷ್ಟು:

"ನಿಮ್ಮ ಕಾರ್ಡಿಗೆ ನಾವು ಹಾಕುವ ಮೊತ್ತ ₹9,430. ಸೀರೆಯ ಬೆಲೆ ಮತ್ತು ಸಾಗಣೆ ಎರಡೂ ಇದರಲ್ಲಿ ಸೇರಿವೆ. ಕಾರ್ಡಿಗೆ ಅಂತ ನಾವು ಬೇರೆ ಶುಲ್ಕ ತೆಗೆದುಕೊಳ್ಳುವುದಿಲ್ಲ.

ಬಿಲ್ಲು ಭಾರತದ ರೂಪಾಯಿಯಲ್ಲಿ ಬರುತ್ತದೆ. ಪಕ್ಕದಲ್ಲಿರುವ £82 ನಿಮ್ಮ ತಿಳಿವಳಿಕೆಗಾಗಿ. ಇವತ್ತು ಬೆಳಗ್ಗೆಯ ದರದಲ್ಲಿ (£1 = ₹115) ಲೆಕ್ಕ ಹಾಕಿದ್ದು, ಇದರಲ್ಲಿ ನಾವು ಏನನ್ನೂ ಸೇರಿಸಿಲ್ಲ. ರೂಪಾಯಿಯನ್ನು ಪೌಂಡಿಗೆ ಬದಲಿಸುವುದು ನಿಮ್ಮ ಕಾರ್ಡ್ ನೆಟ್‌ವರ್ಕ್ ಮತ್ತು ಬ್ಯಾಂಕ್. ಒಂದೆರಡು ದಿನದ ನಂತರ ಪಕ್ಕಾ ಆಗುವ ಮೊತ್ತ ಇದಕ್ಕಿಂತ ಸ್ವಲ್ಪ ಹೆಚ್ಚು ಅಥವಾ ಕಡಿಮೆ ಆಗಬಹುದು.

ನಿಮ್ಮ ಬ್ಯಾಂಕ್ ಹೊರದೇಶದ ಪಾವತಿಗೆ ಶುಲ್ಕ ಹಾಕುತ್ತಿದ್ದರೆ ಅದು ಬೇರೆ. ಉದಾಹರಣೆಗೆ 3% ಇದ್ದರೆ ಈ ಆರ್ಡರಿಗೆ £2.46 ಸೇರಿ ಒಟ್ಟು £84.46 ಆಗುತ್ತದೆ. ಕೆಲವು ಕಾರ್ಡುಗಳಲ್ಲಿ ಈ ಶುಲ್ಕ ಇರುವುದಿಲ್ಲ. ಈ ಹಣ ನಮಗೆ ಬರುವುದಿಲ್ಲ.

ಹಣ ವಾಪಸ್ ಮಾಡಬೇಕಾದರೆ ನಾವು ಪಡೆದ ₹9,430ನ್ನು ರೂಪಾಯಿಯಲ್ಲೇ ಪೂರ್ತಿ ಹಿಂದಿರುಗಿಸುತ್ತೇವೆ. ಆ ದಿನದ ದರ ಬೇರೆ ಇರಬಹುದು, ಬ್ಯಾಂಕಿನ ಶುಲ್ಕ ವಾಪಸ್ ಬರದೇ ಇರಬಹುದು, ಆದ್ದರಿಂದ ನಿಮಗೆ ಸಿಗುವ ಪೌಂಡ್ ನೀವು ಕಟ್ಟಿದಷ್ಟೇ ಇರುವುದಿಲ್ಲ."

ಇಲ್ಲೂ "ಬಹುದು" ಇದೆಯಲ್ಲ ಅಂತ ಕೇಳುತ್ತೀರಿ. ಇದೆ, ನಿಜವಾಗಿಯೂ ನಿಮಗೆ ಮುಂಚೆ ಗೊತ್ತಾಗದ ಕಡೆ ಮಾತ್ರ ಇದೆ. ನಿಮಗೆ ಗೊತ್ತಿರುವುದಕ್ಕೆ "ಬಹುದು" ಹಾಕಬೇಡಿ, ಅಷ್ಟೇ. ವಾಪಸ್ ಮಾಡುವಾಗ ನೀವು ಸಾಗಣೆ ವೆಚ್ಚ ಹಿಡಿದುಕೊಳ್ಳುವವರಾದರೆ ಕೊನೆಯ ಸಾಲಿನ "ಪೂರ್ತಿ" ತೆಗೆದು, ಎಷ್ಟು ಹಿಡಿದುಕೊಳ್ಳುತ್ತೀರಿ ಅಂತ ರೂಪಾಯಿಯಲ್ಲಿ ಬರೆಯಿರಿ. ದರದಲ್ಲಿ "ಏನನ್ನೂ ಸೇರಿಸಿಲ್ಲ" ಅಂತ ಬರೆಯುವ ಮೊದಲು ಪ್ಲಗಿನ್ ಸೆಟ್ಟಿಂಗ್ ತೆರೆದು ನೋಡಿ, ಎರಡೋ ಮೂರೋ ಪರ್ಸೆಂಟ್ ಸೇರಿಸುವ ಆಯ್ಕೆ ಕೆಲವದರಲ್ಲಿ ಇರುತ್ತದೆ, ಸೈಟ್ ಮಾಡಿಕೊಟ್ಟ ಹುಡುಗ ಯಾವತ್ತೋ ಹಾಕಿಟ್ಟು ಮರೆತಿರುತ್ತಾನೆ. ಮತ್ತೆ ಅಂಕಿಗಳು ಆರ್ಡರಿಗೆ ತಕ್ಕ ಹಾಗೆ ತಾವೇ ಬದಲಾಗಬೇಕು. "3% ಇರಬಹುದು" ಅನ್ನೋದಕ್ಕೂ "£2.46" ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ, ಪರ್ಸೆಂಟ್ ಓದಿ ಮನಸ್ಸಿನಲ್ಲೇ ಲೆಕ್ಕ ಹಾಕುವವರು ಕಡಿಮೆ.

ಜಾಗದ ವಿಷಯ: ಮೊದಲ ಎರಡು ಸಾಲು ಸೀರೆಯ ಪುಟದಲ್ಲೇ ಬೆಲೆಯ ಕೆಳಗೆ ಇರಲಿ. ಪೂರ್ತಿ ಸೂಚನೆ ಹಣ ಕಟ್ಟುವ ಬಟನ್ನಿನ ಮೇಲೆ ಇರಲಿ, ಕೆಳಗಲ್ಲ. ಫೋನಿನಲ್ಲಿ ತೆರೆದು ನೋಡಿ, ಬಟನ್ ಒತ್ತುವ ಮೊದಲು ಅದು ಕಣ್ಣಿಗೆ ಬೀಳುತ್ತದಾ ಅಂತ. ಆರ್ಡರ್ ಆದ ಮೇಲೆ ಹೋಗುವ ಇಮೇಲಿನಲ್ಲೂ ಇದನ್ನೇ ಹಾಕಿ, ಜಗಳ ಬಂದಾಗ ಜನ ಮೊದಲು ತೆರೆಯುವುದು ಅದನ್ನೇ. ಹೊರದೇಶದವರಿಗೆ ಇಂಗ್ಲಿಷಿನಲ್ಲಿ ಬರೆಯುವಾಗಲೂ ಇಷ್ಟೇ ಸಣ್ಣ ವಾಕ್ಯ ಸಾಕು.

ಒಂದು ವಿಷಯವನ್ನು ಇದರಲ್ಲಿ ಬೆರೆಸಬೇಡಿ: ಬ್ರಿಟನ್ನಿನ ವ್ಯಾಟ್. 2021ರಿಂದ £135ರವರೆಗಿನ ಪಾರ್ಸೆಲ್ಲುಗಳಿಗೆ ಅಲ್ಲಿನ ವ್ಯಾಟನ್ನು ಮಾರುವಾಗಲೇ ಹೊರದೇಶದ ಮಾರಾಟಗಾರರು ತೆಗೆದುಕೊಂಡು ಕಟ್ಟಬೇಕು. ನಿಮ್ಮ ಸೀರೆ ಆ ಮಿತಿಯೊಳಗೇ ಬರುತ್ತದೆ. ಇದು ಕಾರ್ಡಿನ ವಿಷಯ ಅಲ್ಲ, ನಿಮ್ಮ ಸಿಎ ಹತ್ತಿರ ಕೂತು ಬೇರೆಯಾಗಿಯೇ ಬಗೆಹರಿಸಿಕೊಳ್ಳಿ. ಆದಷ್ಟು ಬೇಗ.

ಲಂಡನ್ನಿನವರಿಗೆ ಏನು ಉತ್ತರ ಬರೆಯುವುದು ಅಂದರೆ, ಮೇಲಿನ ಲೆಕ್ಕವನ್ನೇ ಕಳಿಸಿ. £80, ನಮ್ಮ ಶುಲ್ಕ £2, ನಿಮ್ಮ ಬ್ಯಾಂಕಿನದು £2.46 ಇರಬೇಕು, ಸ್ಟೇಟ್‌ಮೆಂಟಿನಲ್ಲಿ ಒಮ್ಮೆ ನೋಡಿ ಅಂತ ಬರೆಯಿರಿ. ಹಲವು ಬ್ಯಾಂಕುಗಳು ಅದನ್ನು ಬೇರೆ ಸಾಲಿನಲ್ಲೇ ತೋರಿಸುತ್ತವೆ. ನಿಮ್ಮ ₹230ನ್ನು ಸರಿಯಾಗಿ ತೋರಿಸಿರಲಿಲ್ಲ ಅಂತ ಒಪ್ಪಿಕೊಂಡು ವಾಪಸ್ ಮಾಡಿ. ಬ್ಯಾಂಕಿನ £2.46ನ್ನು ನೀವು ಕೊಡಬೇಕಾಗಿಲ್ಲ, ಅದು ನಿಮ್ಮ ಹತ್ತಿರ ಬಂದೇ ಇಲ್ಲ.